ಕಡ ತಂದ ಬೆಳಕು

ವಿಜ್ಞಾನದ ಇತಿಹಾಸ ನನ್ನ ಸಂಶೋಧನೆಯ ಕ್ಷೇತ್ರ. ಕಳೆದ ವರ್ಷ ಪ್ರಬಂಧದ ಒಂದು ಅಧ್ಯಾಯದ ಕರಡಿನಲ್ಲಿ, ಆಳ ಸಮುದ್ರದ ಜೀವಿಗಳು ತಮಗೆ ಬೇಕಾದ ಬೆಳಕನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂದು ಬರೆದಿದ್ದೆ. ನನ್ನ ಗೈಡ್ ಮೇಡಂ ‘ತಾವೇ’ ಎಂಬ ಪದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಹೌದಾ?’ ಎಂದಷ್ಟೇ ಬರೆದು ಹಿಂತಿರುಗಿಸಿದರು. ಎಲ್ಲ ಪುಸ್ತಕಗಳಲ್ಲೂ ಇರುವ ಮಾತಲ್ಲವೇ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು. ಆ ಒಂದು ಪದವನ್ನು ಉಳಿಸಿಕೊಳ್ಳಲು ಹೊರಟವಳು ನೂರು ವರ್ಷಕ್ಕೂ ಹೆಚ್ಚಿನ ಕಥೆಯೊಳಗೆ ಇಳಿಯಬೇಕಾಯಿತು.

ಸಮುದ್ರದಲ್ಲಿ ಸುಮಾರು 1000 ಮೀಟರ್ ಕೆಳಗೆ ಸೂರ್ಯನ ಬೆಳಕು ತಲುಪುವುದೇ ಇಲ್ಲ. ಅಲ್ಲಿ ಹಗಲು ರಾತ್ರಿಗಳ ವ್ಯತ್ಯಾಸವಿಲ್ಲ. ಆದರೂ ಅದು ಬೆಳಕಿಲ್ಲದ ಜಾಗವಲ್ಲ. ಕ್ಯಾಲಿಫೋರ್ನಿಯಾದ ತೀರದಾಚೆ ಹದಿನೇಳು ವರ್ಷಗಳ ಕಾಲ ಯಂತ್ರನೌಕೆಗಳನ್ನು ಇಳಿಸಿ ತೆಗೆದ ವಿಡಿಯೋಗಳನ್ನು ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಮೇಲ್ಮೈಯಿಂದ ಹತ್ತಿರ ಹತ್ತಿರ 4000 ಮೀಟರ್ ಆಳದವರೆಗೆ ನೀರಿನಲ್ಲಿ ಕಂಡ ಪ್ರಾಣಿಗಳಲ್ಲಿ ಶೇಕಡಾ 76ರಷ್ಟು ಬೆಳಕು ಬೀರುವ ಬಗೆಯವು. ನೆಲದ ಮೇಲೆ ನಮಗೆ ಮಿಂಚುಹುಳು ಒಂದು ಸೋಜಿಗ. ಅಲ್ಲಿ ಬೆಳಗದಿರುವುದೇ ಅಪರೂಪ.

ಈ ಬೆಳಕು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟವನು ಫ್ರಾನ್ಸಿನ ರಫಾಯೆಲ್ ದ್ಯುಬುವಾ. ಅವನ ಪ್ರಯೋಗ ಅಡುಗೆಮನೆಯಲ್ಲೂ ಅರ್ಥವಾಗುವಂಥದ್ದು. 1887ರಲ್ಲಿ ಅವನು ಕಡಲತೀರದ ಬಂಡೆ ಕೊರೆದು ಬದುಕುವ, ಕತ್ತಲಲ್ಲಿ ಹೊಳೆಯುವ ಫೋಲಾಸ್ ಎಂಬ ಚಿಪ್ಪಿನ ಜೀವಿಯನ್ನು ತೆಗೆದುಕೊಂಡ. ಅದರ ರಸವನ್ನು ತಣ್ಣೀರಿನಲ್ಲಿ ಕದಡಿದಾಗ ಅದು ಸ್ವಲ್ಪ ಹೊತ್ತು ಹೊಳೆದು ಆರಿಹೋಯಿತು. ಇನ್ನೊಂದಿಷ್ಟು ರಸವನ್ನು ಬಿಸಿನೀರಿನಲ್ಲಿ ಕದಡಿದ. ಅಲ್ಲಿಯೂ ಬೆಳಕು ಸತ್ತಿತು. ಆರಿದ ಈ ಎರಡು ದ್ರವಗಳನ್ನು ಬೆರೆಸಿದಾಗ ಬೆಳಕು ಮತ್ತೆ ಹತ್ತಿಕೊಂಡಿತು.

ಇದರಿಂದ ದ್ಯುಬುವಾ ಕಂಡುಕೊಂಡದ್ದು ಇಷ್ಟು: ಬೆಳಕಿಗೆ ಎರಡು ವಸ್ತುಗಳು ಬೇಕು. ಒಂದು, ಬಿಸಿಯನ್ನು ತಡೆದುಕೊಳ್ಳುವ, ಆದರೆ ಉರಿದು ಖರ್ಚಾಗುವ ಎಣ್ಣೆಯಂಥದ್ದು. ಇನ್ನೊಂದು, ಖರ್ಚಾಗದ, ಆದರೆ ಬಿಸಿ ತಾಗಿದರೆ ಕೆಡುವ ಬತ್ತಿಯಂಥದ್ದು. ತಣ್ಣೀರಿನ ಪಾತ್ರೆಯಲ್ಲಿ ಎಣ್ಣೆ ಮುಗಿದು ಬತ್ತಿ ಉಳಿದಿತ್ತು. ಬಿಸಿನೀರಿನಲ್ಲಿ ಬತ್ತಿ ಕೆಟ್ಟು ಎಣ್ಣೆ ಉಳಿದಿತ್ತು. ಎಣ್ಣೆಗೆ ಅವನು ಲೂಸಿಫೆರಿನ್ ಎಂದೂ ಬತ್ತಿಗೆ ಲೂಸಿಫೆರೇಸ್ ಎಂದೂ ಹೆಸರಿಟ್ಟ. ಲೂಸಿಫೆರಿನ್ ಆಮ್ಲಜನಕದೊಂದಿಗೆ ಸೇರುವಾಗ ಹೊಮ್ಮುವ ಶಕ್ತಿ ಹೆಚ್ಚುಕಡಿಮೆ ಶಾಖವಿಲ್ಲದೆ ಬೆಳಕಾಗುತ್ತದೆ.

ಆಮೇಲೆ ಎಪ್ಪತ್ತು ವರ್ಷ ವಿಜ್ಞಾನಿಗಳು ಹೊಳೆಯುವ ಜೀವಿ ಸಿಕ್ಕಲ್ಲೆಲ್ಲ ಈ ಜೋಡಿಯನ್ನೇ ಹುಡುಕಿದರು. 1961ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ತೀರದ ಫ್ರೈಡೇ ಹಾರ್ಬರ್‌ಗೆ ಬಂದ ಒಸಾಮು ಶಿಮೊಮುರಾ ಮತ್ತು ಅವರ ಹಿರಿಯ ಸಹೋದ್ಯೋಗಿ ಫ್ರಾಂಕ್ ಜಾನ್ಸನ್ ಕೂಡ ಅದನ್ನೇ ಹುಡುಕುತ್ತಿದ್ದರು. ಅವರು ಆರಿಸಿಕೊಂಡದ್ದು ಈಕ್ವೋರಿಯಾ ಎಂಬ ಜೆಲ್ಲಿಮೀನು. ಅದು ಆಳದ ಜೀವಿಯಲ್ಲ, ದಡದ ಹತ್ತಿರವೇ ತೇಲುವಂಥದ್ದು. ಆದರೆ ಆಳದ ಬೆಳಕಿನ ಬೀಗ ತೆರೆದದ್ದು ಅದರಿಂದಲೇ.

ಶಿಮೊಮುರಾ ಕೊಡೆಯಂಥ ಅದರ ದೇಹದ ಅಂಚನ್ನು ಕತ್ತರಿಸಿ ಹಿಂಡಿ ರಸ ತೆಗೆದರು. ದ್ಯುಬುವಾನ ಜೋಡಿ ಮಾತ್ರ ಸಿಗಲಿಲ್ಲ. ಯಾವ ರೀತಿ ಬೇರ್ಪಡಿಸಲು ಹೋದರೂ ರಸ ಅಷ್ಟರೊಳಗೆ ಹೊಳೆದು ಮುಗಿದಿರುತ್ತಿತ್ತು. ಶಿಮೊಮುರಾ ಒಂದು ದೋಣಿ ಹತ್ತಿ ನೀರಿನ ಮೇಲೆ ತೇಲುತ್ತಾ ಯೋಚಿಸಿದರಂತೆ. ಲೂಸಿಫೆರಿನ್ ಎಂಬ ಹೆಸರನ್ನು ಸ್ವಲ್ಪ ಮರೆತು, ಹೊಳೆಯುವುದನ್ನು ತಾತ್ಕಾಲಿಕವಾಗಿ ತಡೆದರೆ ಹೇಗೆ ಎಂದು ಅವರಿಗೆ ಹೊಳೆಯಿತು. ರಸಕ್ಕೆ ಆಮ್ಲ ಸೇರಿಸಿದಾಗ ಬೆಳಕು ನಿಂತಿತು. ಸೋಸಿ, ಸೋಡಾ ಹಾಕಿ ಆಮ್ಲವನ್ನು ತಗ್ಗಿಸಿದಾಗ ಮಂಕಾಗಿ ಮರಳಿತು. ಕೆಲಸ ಮುಗಿಸಿ ಉಳಿದದ್ದನ್ನು ಸಿಂಕಿಗೆ ಸುರಿದಾಗ ಇಡೀ ಸಿಂಕು ನೀಲಿಯಾಗಿ ಝಗ್ಗೆಂದಿತು.

ಆ ಸಿಂಕಿಗೆ ಅಕ್ವೇರಿಯಮ್ಮಿನಿಂದ ತುಂಬಿ ಹರಿದ ಸಮುದ್ರದ ನೀರು ಬಂದು ಬೀಳುತ್ತಿತ್ತು. ಬೆಳಕು ಹೊತ್ತಿಸಿದ್ದು ಆ ನೀರಿನಲ್ಲಿದ್ದ ಕ್ಯಾಲ್ಸಿಯಂ. ಅದನ್ನು ಬಿಗಿಯಾಗಿ ಹಿಡಿದಿಡುವ ರಾಸಾಯನಿಕ ಸೇರಿಸಿದರೆ ರಸ ಹೊಳೆಯದೆ ಕಾಯುತ್ತದೆ ಎಂದು ಗೊತ್ತಾದ ಮೇಲೆ ಶುದ್ಧೀಕರಣ ಸಾಧ್ಯವಾಯಿತು. ಸುಮಾರು 10,000 ಜೆಲ್ಲಿಮೀನುಗಳಿಂದ ಕೊನೆಗೆ ದೊರೆತ ಈಕ್ವೋರಿನ್ ಎಂಬ ಪ್ರೋಟೀನು ಐದು ಮಿಲಿಗ್ರಾಂ ಮಾತ್ರ. ಜೋಡಿ ಸಿಗದಿದ್ದುದಕ್ಕೂ ಕಾರಣವಿತ್ತು. ಈ ಪ್ರೋಟೀನಿನ ಹೊಟ್ಟೆಯಲ್ಲಿ ಎಣ್ಣೆಯೂ ಆಮ್ಲಜನಕವೂ ಮೊದಲೇ ತುಂಬಿಕೊಂಡಿರುತ್ತವೆ. ಅದು ಮದ್ದು ತುಂಬಿಟ್ಟ ಕೋವಿಯ ಹಾಗೆ. ಕ್ಯಾಲ್ಸಿಯಂ ತಾಗುವುದೇ ಕುದುರೆ ಎಳೆದಂತೆ.

ಒಳಗಿದ್ದ ಆ ಎಣ್ಣೆಯ ರಚನೆ 1970ರ ದಶಕದಲ್ಲಿ ಸ್ಪಷ್ಟವಾಯಿತು. ಅದರ ಹೆಸರು ಸೀಲೆಂಟರಜೀನ್. ನನ್ನ ‘ತಾವೇ’ ಅಲುಗಾಡಿದ್ದು ಇಲ್ಲಿಂದ. ಹುಡುಕಿದಂತೆಲ್ಲ ಅದೇ ವಸ್ತು ಆಳದ ಸೀಗಡಿಗಳಲ್ಲಿ, ಸ್ಕ್ವಿಡ್‌ಗಳಲ್ಲಿ, ಕೆಲವು ಮೀನುಗಳಲ್ಲೂ ಸಿಕ್ಕಿತು. ಪರಸ್ಪರ ನೆಂಟಸ್ತಿಕೆಯೇ ಇಲ್ಲದ ಇಷ್ಟೊಂದು ಕುಲಗಳು ಒಂದೇ ಎಣ್ಣೆಯನ್ನು ಬೇರೆಬೇರೆಯಾಗಿ ಕಂಡುಹಿಡಿದುಕೊಂಡವೆಂದು ನಂಬುವುದು ಕಷ್ಟ. ಒಂದೇ ಅಂಗಡಿಯಿಂದ ತರುತ್ತಿರಬಹುದೇ?

ಪರೀಕ್ಷಿಸುವ ದಾರಿ ಸರಳ: ಪ್ರಾಣಿಗೆ ಸೀಲೆಂಟರಜೀನ್ ಇಲ್ಲದ ಊಟ ಹಾಕಿ ನೋಡುವುದು. 1984ರಲ್ಲಿ ನಾಥೋಫೌಸಿಯಾ ಎಂಬ ಕೆಂಪು ಸೀಗಡಿಯಂಥ ಆಳದ ಜೀವಿಯ ಮೇಲೆ ಇದನ್ನು ಮಾಡಿದರು. ಶತ್ರು ಬಂದಾಗ ಬಾಯಿಯ ಬಳಿಯ ಗ್ರಂಥಿಗಳಿಂದ ನೀಲಿ ಬೆಳಕಿನ ಮೋಡವನ್ನೇ ಉಗುಳುವ ಪ್ರಾಣಿ ಅದು. ಊಟದಲ್ಲಿ ಆ ವಸ್ತುವಿಲ್ಲದೆ ಅದರ ಬೆಳಕಿನ ದಾಸ್ತಾನು ಬರಿದಾಯಿತು. ಕೊಟ್ಟಾಗ ಮರಳಿತು.

2001ರಲ್ಲಿ ಸರದಿ ಶಿಮೊಮುರಾರ ಜೆಲ್ಲಿಮೀನಿನದೇ. ಸ್ಟೀವನ್ ಹ್ಯಾಡಕ್ ಮತ್ತು ಸಂಗಡಿಗರು ಲೂಸಿಫೆರಿನ್ ಇಲ್ಲದ ಆಹಾರದಲ್ಲಿ ಸಾಕಿದ ಈಕ್ವೋರಿಯಾ ಬೆಳಗಲೇ ಇಲ್ಲ. ಬತ್ತಿಯನ್ನು ಅದು ತಾನೇ ಹೊಸೆದಿತ್ತು, ಎಣ್ಣೆ ಮಾತ್ರ ಇರಲಿಲ್ಲ. ಹೊರಗಿನಿಂದ ಎಣ್ಣೆ ಒದಗಿಸಿದಾಗ ಬೆಳಗಿತು. ಆ ವಸ್ತುವಿಗೆ ಹೆಸರು ಬಂದದ್ದು ಜೆಲ್ಲಿಮೀನು ಸೇರುವ ‘ಸೀಲೆಂಟರೇಟ್’ ಬಳಗದಿಂದ. ಹೆಸರು ಕೊಟ್ಟ ಮನೆಯಲ್ಲೇ ಅದು ತಯಾರಾಗುತ್ತಿರಲಿಲ್ಲ.

ಹಾಗಾದರೆ ಗಾಣ ಎಲ್ಲಿದೆ? 2009ರಲ್ಲಿ ಜಪಾನಿನ ಸಂಶೋಧಕರು ಒಂದನ್ನು ತೋರಿಸಿದರು. ಮೆಟ್ರಿಡಿಯಾ ಎಂಬ ಕೋಪೆಪಾಡ್, ಕೆಲವೇ ಮಿಲಿಮೀಟರ್ ಉದ್ದದ ಜೀವಿ. ಗುರುತು ಹಾಕಿದ ಟೈರೋಸಿನ್ ಮತ್ತು ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲಗಳನ್ನು ಅದಕ್ಕೆ ತಿನ್ನಿಸಿದಾಗ, ಅದೇ ಗುರುತು ಸೀಲೆಂಟರಜೀನಿನಲ್ಲಿ ಕಾಣಿಸಿತು. ಎರಡೂ ನಮ್ಮ ಬೇಳೆಕಾಳಿನಲ್ಲೂ ಇರುವ ಸಾಮಾನ್ಯ ವಸ್ತುಗಳೇ. ಇಂಥ ಪುಟ್ಟ ಜೀವಿಗಳನ್ನು ತಿಂದವರನ್ನು ಇನ್ನೊಬ್ಬರು ತಿನ್ನುತ್ತಾ ಬೆಳಕಿನ ಎಣ್ಣೆ ಬಾಯಿಂದ ಬಾಯಿಗೆ ಸಾಗುತ್ತದೆ.

ಎಲ್ಲ ಜೀವಿಗಳ ಕಥೆಯೂ ಹೀಗಲ್ಲ. ಆಳದ ಗಾಳದ ಮೀನು ತನ್ನ ಗಾಳದ ತುದಿಯಲ್ಲಿ ಹೊಳೆಯುವ ಬ್ಯಾಕ್ಟೀರಿಯಾಗಳನ್ನು ಸಾಕಿಕೊಳ್ಳುತ್ತದೆ. ಕೆಲವು ಜೀವಿಗಳು ಎಣ್ಣೆಯನ್ನೂ ಬತ್ತಿಯನ್ನೂ ನಿಜವಾಗಿ ತಾವೇ ಮಾಡಿಕೊಳ್ಳುತ್ತವೆ. ಆದ್ದರಿಂದ ‘ತಾವೇ’ ಎಂಬುದನ್ನು ಪೂರ್ತಿ ಹೊಡೆದು ಹಾಕಲು ಆಗಲಿಲ್ಲ. ಬತ್ತಿ ತಮ್ಮದು, ಎಣ್ಣೆ ಬಹುಪಾಲು ಊಟದಿಂದ ಬಂದದ್ದು ಎಂದು ವಾಕ್ಯವನ್ನು ತಿದ್ದಿ, ಕೆಳಗೆ ಆ ಕೋಪೆಪಾಡಿನ ಬಗ್ಗೆ ಒಂದು ಪುಟ ಸೇರಿಸಿ ಕಳಿಸಿದೆ. ಮೇಡಂ ಈ ಬಾರಿ ‘ಬಹುಪಾಲು’ ಎಂಬ ಪದಕ್ಕೆ ಸುತ್ತು ಹಾಕಿದ್ದಾರೆ.