ಮೊದಲ n ವರ್ಗಗಳ ಮೊತ್ತ

1 ರಿಂದ n ವರೆಗಿನ ಸ್ವಾಭಾವಿಕ ಸಂಖ್ಯೆಗಳ ವರ್ಗಗಳನ್ನೆಲ್ಲ ಕೂಡಿದರೆ ಬರುವ ಮೊತ್ತವಿದು. ಇದನ್ನು S(n) ಎಂದು ಕರೆದರೆ, ಸೂತ್ರ ಹೀಗಿದೆ:

S(n) = n(n+1)(2n+1)/6

ಚದುರಂಗದ ಹಲಗೆಯಲ್ಲಿ ಎಷ್ಟು ಚೌಕಗಳಿವೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಇದೇ. ಸಣ್ಣ ಮನೆಗಳು 64, ಎರಡು ಮನೆ ಅಗಲದ ಚೌಕಗಳು 49, ಮೂರು ಮನೆಯವು 36. ಹೀಗೆ ಇಳಿಯುತ್ತ ಕೊನೆಗೆ ಇಡೀ ಹಲಗೆಯೇ ಒಂದು ಚೌಕ. ಒಟ್ಟು 8 × 9 × 17 / 6, ಅಂದರೆ 204.

ಆರ್ಯಭಟ 499ರ ಸುಮಾರಿಗೆ ರಚಿಸಿದ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಈ ಸೂತ್ರವಿದೆ. ಪದಗಳ ಸಂಖ್ಯೆ, ಅದಕ್ಕೆ ಒಂದು ಕೂಡಿಸಿದ್ದು, ಈ ಎರಡರ ಮೊತ್ತ: ಈ ಮೂರನ್ನು ಗುಣಿಸಿ ಆರನೆಯ ಒಂದು ಭಾಗ ತೆಗೆದುಕೊಳ್ಳಬೇಕು ಎನ್ನುತ್ತಾನೆ. ಕಾರಣ ಹೇಳುವುದಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದೇ ಸಮಾಂತರ ಶ್ರೇಢಿಯ ಪದಗಳ ವರ್ಗಗಳನ್ನು ಕೂಡುವ ಬಗೆಯನ್ನೂ ಕೊಟ್ಟಿದ್ದಾನೆ.

ಸೂತ್ರವನ್ನು ಬಿಡಿಸಿ ಬರೆದರೆ n³/3 + n²/2 + n/6 ಆಗುತ್ತದೆ. ಇದೊಂದು ಘನ ಬಹುಪದೋಕ್ತಿ. ವರ್ಗಗಳನ್ನು ಕೂಡಿದರೆ ಘನ ಬರುವುದೇಕೆ?

ಮೊತ್ತಗಳನ್ನೇ ಸಾಲಾಗಿ ಬರೆದು ನೋಡಬಹುದು: 0, 1, 5, 14, 30, 55. ಅಕ್ಕಪಕ್ಕದವುಗಳ ವ್ಯತ್ಯಾಸ 1, 4, 9, 16, 25. ಆ ವ್ಯತ್ಯಾಸಗಳ ವ್ಯತ್ಯಾಸ 3, 5, 7, 9. ಇನ್ನೊಮ್ಮೆ ಕಳೆದರೆ 2, 2, 2. ಮೂರನೆಯ ಸಲಕ್ಕೆ ವ್ಯತ್ಯಾಸ ಸ್ಥಿರವಾಗುವುದು ಘನ ಬಹುಪದೋಕ್ತಿಯ ಗುರುತು.

ಆದರೆ ಕೆಲವೇ ಬೆಲೆಗಳನ್ನು ನೋಡಿ ಹೀಗೆ ತೀರ್ಮಾನಿಸುವುದು ಅಪಾಯ. 1, 2, 4, 8 ಎಂಬ ನಾಲ್ಕು ಸಂಖ್ಯೆಗಳಿಗೂ ಒಪ್ಪುವ ಒಂದು ಘನ ಬಹುಪದೋಕ್ತಿ ಇದೆ. ಮುಂದಿನದು ಯಾವುದು ಎಂದು ಅದನ್ನು ಕೇಳಿದರೆ 16ರ ಬದಲು 15 ಎನ್ನುತ್ತದೆ. ಯಾವ ನಾಲ್ಕು ಬೆಲೆಗಳನ್ನು ಕೊಟ್ಟರೂ ಅವಕ್ಕೆ ಹೊಂದುವ, ಮೂರನೆಯ ಘಾತ ಮೀರದ ಬಹುಪದೋಕ್ತಿ ಸಿಕ್ಕೇ ಸಿಗುತ್ತದೆ. ಆದ್ದರಿಂದ ಹೊಂದಿಕೆಯಾಯಿತು ಎಂಬುದು ಸಾಧನೆಯಲ್ಲ.

ವರ್ಗಗಳ ವಿಷಯದಲ್ಲಿ ಈ ಭಯವಿಲ್ಲ. S(n) − S(n−1) = n² ಎಂಬುದು ಪಟ್ಟಿ ನೋಡಿ ಊಹಿಸಿದ್ದಲ್ಲ, ಮೊತ್ತ ಎಂಬುದರ ಅರ್ಥವೇ ಅದು. ಹಾಗಾಗಿ 0 ಯಲ್ಲಿ 0 ಆಗುವ, ಪ್ರತಿ ಹೆಜ್ಜೆಗೂ n² ಏರುವ ಬಹುಪದೋಕ್ತಿಯೊಂದನ್ನು ಕಂಡುಹಿಡಿದರೆ ಸಾಕು. ಎರಡೂ ಒಂದೇ ಕಡೆ ಹೊರಟು ಒಂದೇ ಪ್ರಮಾಣದಲ್ಲಿ ಏರುವುದರಿಂದ ಎಲ್ಲೂ ಬೇರೆಯಾಗಲಾರವು.

ಅದು an³ + bn² + cn ಎಂದಿರಲಿ. n ನಲ್ಲಿನ ಬೆಲೆಯಿಂದ n−1 ರಲ್ಲಿನ ಬೆಲೆಯನ್ನು ಕಳೆದರೆ ಘನಗಳು ಹೊಡೆದುಹೋಗಿ ಉಳಿಯುವುದು:

3an² + (2b − 3a)n + (a − b + c)

ಇದು n² ಗೆ ಸಮವಾಗಬೇಕು. ಹಾಗಾದರೆ 3a = 1, ಉಳಿದೆರಡು ಸಹಗುಣಕಗಳು ಸೊನ್ನೆ. ಒಂದರ ಹಿಂದೆ ಒಂದರಂತೆ a = 1/3, b = 1/2, c = 1/6 ಎಂದು ದೊರೆಯುತ್ತವೆ. ಘನವೇ ಏಕೆ ಬೇಕಾಯಿತು ಎಂಬುದೂ ಇಲ್ಲೇ ಕಾಣುತ್ತದೆ: ಕಳೆದಾಗ ಘಾತ ಒಂದು ಇಳಿಯುತ್ತದೆ, ಆದ್ದರಿಂದ ಎರಡನೆಯ ಘಾತ ಉಳಿಯಬೇಕಾದರೆ ಮೂರನೆಯದರಿಂದಲೇ ಹೊರಡಬೇಕು.

ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ದಾರಿ. (k+1)³ − k³ = 3k² + 3k + 1 ಎಂಬ ಸಮೀಕರಣವನ್ನು k = 1 ರಿಂದ n ವರೆಗೆ ಬರೆದು ಎಲ್ಲವನ್ನೂ ಕೂಡಿದರೆ, ಎಡಗಡೆ ನಡುವಿನ ಘನಗಳೆಲ್ಲ ಪರಸ್ಪರ ಹೊಡೆದುಹೋಗುತ್ತವೆ:

(n+1)³ − 1 = 3S(n) + 3n(n+1)/2 + n

ಇದರಿಂದ S(n) ಅನ್ನು ಬೇರ್ಪಡಿಸಿದರೆ ಅದೇ ಸೂತ್ರ. ವಿದ್ಯಾರ್ಥಿಗಳು ಇಲ್ಲಿ ಸಾಮಾನ್ಯವಾಗಿ ಎಡಗಡೆಯ −1 ಅನ್ನು ಮರೆಯುತ್ತಾರೆ. n = 1 ಹಾಕಿದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ: 8 ರಿಂದ 3 ಮತ್ತು 1 ಕಳೆದರೆ 4, ಅಂದರೆ ಮೊತ್ತ 4/3. ಪೂರ್ಣಾಂಕಗಳನ್ನು ಕೂಡಿದ್ದಕ್ಕೆ ಭಿನ್ನರಾಶಿ ಬರುವಂತಿಲ್ಲ.

ಬೀಜಗಣಿತದ ಈ ಎರಡೂ ದಾರಿಗಳಿಗಿಂತ ಕಣ್ಣಿಗೆ ಕಟ್ಟುವಂಥದ್ದು ಕೇರಳದ ನೀಲಕಂಠ ಸೋಮಯಾಜಿಯದು. 1444ರಲ್ಲಿ ಹುಟ್ಟಿದ ಈತ ತನ್ನ ‘ಆರ್ಯಭಟೀಯಭಾಷ್ಯ’ದಲ್ಲಿ, ವರ್ಗಗಳ ಮೊತ್ತದ ಆರು ಪಟ್ಟು n, n+1, 2n+1 ಅಳತೆಯ ಆಯತಘನವನ್ನು ತುಂಬುತ್ತದೆ ಎಂದು ತೋರಿಸುತ್ತಾನೆ. ಆರ್ಯಭಟ ಹೇಳದೆ ಬಿಟ್ಟ ‘ಆರು’ ಎಲ್ಲಿಂದ ಬಂತು ಎಂಬುದು ಇಲ್ಲಿ ಕೈಗೆ ಸಿಗುತ್ತದೆ.

ಒಂದು ಮಾನದ ಘನಾಕಾರದ ಮರದ ತುಂಡುಗಳಿಂದ ಇದನ್ನು ಜೋಡಿಸಿ ನೋಡಬಹುದು. ಆರು ತುಂಡು ಸೇರಿದರೆ 1 × 2 × 3 ರ ಪೆಟ್ಟಿಗೆ. ನಾಲ್ಕು ತುಂಡಿನ 2 × 2 ಹಲಗೆಗಳು ಆರು, ಒಟ್ಟು 24 ತುಂಡು, ಅದರ ಜೊತೆ ಸೇರಿದರೆ 30 ಆಗುತ್ತದೆ. ಇದು 2 × 3 × 5 ರ ಪೆಟ್ಟಿಗೆ. ಆಮೇಲೆ ಒಂಬತ್ತು ತುಂಡಿನ ಆರು ಹಲಗೆ ಸೇರಿಸಿದರೆ 84, ಅಂದರೆ 3 × 4 × 7. ಪ್ರತಿ ಸಲವೂ ಎರಡು ಅಳತೆ ಒಂದೊಂದು, ಮೂರನೆಯದು ಎರಡು ಹೆಚ್ಚುತ್ತದೆ. k ನೆಯ ಪೆಟ್ಟಿಗೆಯ ಗಾತ್ರದಿಂದ ಅದರ ಹಿಂದಿನದರ ಗಾತ್ರವನ್ನು ಕಳೆದರೆ ಸರಿಯಾಗಿ 6k² ಉಳಿಯುತ್ತದೆ.