ಐಸ್‌ಕ್ರೀಂ ತಿಂದ್ರೆ ಸನ್‌ಸ್ಟ್ರೋಕ್ ಆಗುತ್ತಾ?

ರಾಯಚೂರಿನಂಥ ಊರಲ್ಲಿ ಫೆಬ್ರುವರಿಯಿಂದ ಮೇವರೆಗಿನ ಐಸ್‌ಕ್ರೀಂ ಮಾರಾಟವನ್ನೂ ಸನ್‌ಸ್ಟ್ರೋಕ್ ಪ್ರಕರಣಗಳನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿದರೆ, ಎರಡೂ ಗೆರೆಗಳು ಜೊತೆಜೊತೆಗೇ ಮೇಲೇರುತ್ತವೆ ಅನ್ನೋದು ಊಹಿಸೋಕೆ ಕಷ್ಟವಲ್ಲ. ಹೀಗೆ ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವುದು ಸಹಸಂಬಂಧ. ಒಂದರಿಂದಲೇ ಇನ್ನೊಂದು ಆಗುವುದು ಕಾರಣ ಸಂಬಂಧ. ಇಲ್ಲಿ ಎರಡನ್ನೂ ಏರಿಸುತ್ತಿರುವುದು ಬಿಸಿಲು. ಇಂಥ ಮೂರನೇ ಅಂಶಕ್ಕೆ ಸಂಖ್ಯಾಶಾಸ್ತ್ರದಲ್ಲಿ ಕನ್‌ಫೌಂಡರ್ ಅಂತಾರೆ.

ಬಿಸಿಲೇ ಕಾರಣ ಅಂತ ನಮಗೇನೋ ಗೊತ್ತು. ಆದರೆ ಅಂಕಿಗಳಿಂದ ಅದನ್ನು ತೋರಿಸೋದು ಹೇಗೆ? ಒಂದು ಕಾಲ್ಪನಿಕ ಲೆಕ್ಕ ತಗೊಳ್ತೀನಿ. ಒಟ್ಟು 60 ದಿನ. ಐಸ್‌ಕ್ರೀಂ ಹೆಚ್ಚು ಮಾರಾಟವಾದ 30 ದಿನಗಳಲ್ಲಿ ದಿನಕ್ಕೆ ಸರಾಸರಿ 10 ಪ್ರಕರಣ, ಕಡಿಮೆ ಮಾರಾಟವಾದ 30 ದಿನಗಳಲ್ಲಿ 4. ಮೇಲ್ನೋಟಕ್ಕೆ ಐಸ್‌ಕ್ರೀಮೇ ಅಪರಾಧಿ.

ಈಗ ಅದೇ ದಿನಗಳನ್ನು ಉಷ್ಣಾಂಶದ ಪ್ರಕಾರ ಬೇರೆ ಮಾಡೋಣ. ಸುಡುಬಿಸಿಲಿನ 30 ದಿನಗಳಲ್ಲಿ 24 ದಿನ ಮಾರಾಟ ಜೋರು. ಉಳಿದ 6 ದಿನ ಕರೆಂಟ್ ಹೋಗಿದ್ದಕ್ಕೋ ಅಂಗಡಿ ಮುಚ್ಚಿದ್ದಕ್ಕೋ ಕಡಿಮೆ. ಎರಡೂ ಬಗೆಯ ದಿನಗಳಲ್ಲಿ ಪ್ರಕರಣ 12. ತಂಪಾದ 30 ದಿನಗಳಲ್ಲಿ ಜಾತ್ರೆ, ಮದುವೆ ಅಂತ 6 ದಿನ ಮಾರಾಟ ಜೋರು, 24 ದಿನ ಕಡಿಮೆ. ಅಲ್ಲೂ ಎರಡೂ ಬಗೆಯ ದಿನಗಳಲ್ಲಿ ಪ್ರಕರಣ 2. ಅಂದರೆ ಬಿಸಿಲು ಒಂದೇ ಮಟ್ಟದಲ್ಲಿದ್ದಾಗ ಐಸ್‌ಕ್ರೀಂ ಹೆಚ್ಚು ಮಾರಿದರೂ ಕಡಿಮೆ ಮಾರಿದರೂ ಪ್ರಕರಣ ಬದಲಾಗಲ್ಲ. 10 ಮತ್ತು 4ರ ನಡುವಿನ ಅಂತರ ಹುಟ್ಟಿದ್ದು, ಹೆಚ್ಚು ಮಾರಾಟದ ದಿನಗಳಲ್ಲಿ ಬಹುಪಾಲು ಸುಡುಬಿಸಿಲಿನ ದಿನಗಳೇ ಇದ್ದದ್ದರಿಂದ.

ಈಗ ಇದೇ ಪ್ರಶ್ನೆಯನ್ನು ರಾಜಕಾರಣಿಯ ಭಾಷಣಕ್ಕೆ ಹಾಕಿ ನೋಡಿ. ‘ಮೇ ತಿಂಗಳಲ್ಲಿ ಅರವಟಿಗೆ ತೆರೆದೆವು, ಜೂನ್ ಕೊನೆಗೆ ಸನ್‌ಸ್ಟ್ರೋಕ್ ಅರ್ಧಕ್ಕಿಳಿಯಿತು’ ಅಂತ ಒಬ್ಬ ಶಾಸಕರು ಹೇಳಿದರು ಅಂತಿಟ್ಟುಕೊಳ್ಳಿ. ಅಷ್ಟೊತ್ತಿಗೆ ಮುಂಗಾರು ಬಂದಿರುತ್ತದಲ್ಲ! ಹಾಗಂತ ಅರವಟಿಗೆ ವ್ಯರ್ಥ ಅಂತ ನಾನು ಹೇಳ್ತಿಲ್ಲ, ಈ ಅಂಕಿಯಿಂದ ಅದು ಗೊತ್ತಾಗಲ್ಲ ಅಷ್ಟೆ. ಅರವಟಿಗೆ ತೆರೆಯುವ ಮುಂಚೆ ಮತ್ತು ಆಮೇಲೆ, ಅಷ್ಟೇ ಬಿಸಿಲಿದ್ದ ದಿನಗಳಲ್ಲಿ ಪ್ರಕರಣ ಎಷ್ಟಿತ್ತು ಅಂತ ಕೇಳಬೇಕು. ಅರವಟಿಗೆ ಇಲ್ಲದ ಪಕ್ಕದ ತಾಲ್ಲೂಕಿನಲ್ಲಿ ಆಗ ಏನಾಯ್ತು ಅಂತಲೂ ನೋಡಬೇಕು.

ಈ ವಿಧಾನಕ್ಕೂ ಮಿತಿ ಇದೆ. ನಮಗೆ ಹೊಳೆದ, ಅಳೆದಿಟ್ಟ ಅಂಶಗಳನ್ನಷ್ಟೇ ಹೀಗೆ ಬೇರ್ಪಡಿಸಬಹುದು. ಉಷ್ಣಾಂಶ ಒಂದೇ ಇದ್ದರೂ ಗಾಳಿಯ ತೇವಾಂಶ ಬೇರೆ ಇರಬಹುದು, ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಬಿಸಿಲಲ್ಲಿ ನಿಂತವರ ಸಂಖ್ಯೆ ಬೇರೆ ಇರಬಹುದು.

ಹಾಗಾದರೆ ಸಹಸಂಬಂಧದಿಂದ ಉಪಯೋಗವೇ ಇಲ್ವಾ? ಇದೆ. ಐಸ್‌ಕ್ರೀಂ ಮಾರಾಟ ದಿಢೀರನೆ ಏರಿದರೆ ಆಸ್ಪತ್ರೆಯವರು ಗ್ಲೂಕೋಸ್ ಬಾಟಲಿ, ಹಾಸಿಗೆ ಸಿದ್ಧ ಮಾಡಿಟ್ಟುಕೊಳ್ಳಬಹುದು. ಆದರೆ ಐಸ್‌ಕ್ರೀಂ ಗಾಡಿಗಳನ್ನೆಲ್ಲ ಎತ್ತಂಗಡಿ ಮಾಡಿದರೂ ಒಂದು ಸನ್‌ಸ್ಟ್ರೋಕ್ ಕೂಡ ಕಡಿಮೆಯಾಗಲ್ಲ.