ಕುರಿಯ ಜಂತುಹುಳುವಿನ ಔಷಧ: ಪಂಚಾಂಗವೂ ಪ್ರಮಾಣವೂ

ಕುರಿ ಸಾಕಣೆಯ ಕೈಪಿಡಿಗಳಲ್ಲಿ, ಮೂರು ತಿಂಗಳಿಗೊಮ್ಮೆ ಹಿಂಡಿಗೆ ಹಿಂಡೇ ಜಂತುನಾಶಕವನ್ನು ಕುಡಿಸತಕ್ಕದ್ದೆಂದೂ, ಗುಣ ಕಾಣದಿದ್ದರೆ ಬೇರೊಂದು ಹೆಸರಿನ ಸೀಸೆಯನ್ನು ಕೊಳ್ಳತಕ್ಕದ್ದೆಂದೂ ವಿಧಿಸುವ ಪಂಚಾಂಗವೊಂದು ವರುಷ ವರುಷವೂ ಅಚ್ಚಾಗುತ್ತಿದೆ. ಈ ಶಾಸ್ತ್ರ ನಡೆದುಬಂದ ದಾರಿಯನ್ನು ಬಲ್ಲವನಿಗೆ, ಔಷಧ ಸೋಲುವುದಕ್ಕೆ ಆ ಪಂಚಾಂಗವೇ ಒಂದು ಕಾರಣವೆಂದು ತೋರದಿರದು.

ಮೈಲುತುತ್ತ, ತಂಬಾಕಿನ ಸತ್ತ್ವಗಳ ಕಾಲವನ್ನು ದಾಟಿ, 1938ರ ವೇಳೆಗೆ ಫಿನೋಥಯಾಜೀನ್ ಬಂದಿತು. 1957ರಲ್ಲಿ ಅಮೆರಿಕದ ಕೆಂಟಕಿಯಿಂದ ಅದಕ್ಕೆ ಬಗ್ಗದ ಹುಳುಗಳ ವಾರ್ತೆಯೂ ಬಂದಿತು. 1961ರಲ್ಲಿ ಥಯಾಬೆಂಡಜೋಲ್ ಪ್ರಕಟವಾಗಿ ಮೂರೇ ವರುಷಗಳಲ್ಲಿ ಅದೇ ಕತೆ. 1981ರ ಐವರ್ಮೆಕ್ಟಿನ್ನನ್ನು ಆ ದಶಕ ಮುಗಿಯುವುದರೊಳಗೇ ದಕ್ಷಿಣ ಆಫ್ರಿಕದ ಹುಳುಗಳು ಜೀರ್ಣಿಸಿಕೊಂಡವು. ಹೊಸ ಔಷಧವೊಂದೇ ಪರಿಹಾರವೆಂಬ ನಂಬಿಕೆ ಇಷ್ಟಾದರೂ ಕುಂದಲಿಲ್ಲವೆಂಬುದು ಸೋಜಿಗ.

ಈ ಕಥೆಯ ಮುಖ್ಯ ಪಾತ್ರ ಹೀಮಾಂಕಸ್ ಎಂಬ ರಕ್ತಹೀರುವ ಹುಳು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸಿ, ಒಂದೊಂದು ಹೆಣ್ಣುಹುಳುವೂ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವ ಈ ಜೀವಿಯ ಸಂತತಿಯಲ್ಲಿ, ಔಷಧವನ್ನು ತಾಳಿಕೊಳ್ಳುವ ಕೆಲವು ಹುಳುಗಳು ಮೊದಲೇ ಇರುತ್ತವೆ. ಪೂರ್ಣಪ್ರಮಾಣದ ಔಷಧ ಅರೆನಿರೋಧವುಳ್ಳವನ್ನೂ ಕೊಲ್ಲಬಲ್ಲುದು. ಅರೆಪ್ರಮಾಣವಾದರೋ ಬಡಪಾಯಿ ಹುಳುಗಳನ್ನು ಕೊಂದು, ಗಟ್ಟಿಯಾದವಕ್ಕೆ ಸಂತಾನ ಬೆಳೆಸಲು ಜಾಗ ತೆರವು ಮಾಡಿಕೊಡುತ್ತದೆ. ಲೆಕ್ಕವನ್ನೇ ನೋಡೋಣ. ಶೇಕಡಾ 2.5ರ ಆಲ್ಬೆಂಡಜೋಲ್ ದ್ರವದ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಔಷಧವಿರುತ್ತದೆ. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಬೇಕಾದುದರಿಂದ 40 ಕಿಲೋ ತೂಗುವ ಕುರಿಗೆ 8 ಮಿಲಿ ಸಲ್ಲಬೇಕು. ಕಣ್ಣಂದಾಜಿನಲ್ಲಿ ಹಿಂಡಿನ ಸರಾಸರಿಯನ್ನು 30 ಕಿಲೋ ಎಂದು ಹಿಡಿದು ಎಲ್ಲಕ್ಕೂ 6 ಮಿಲಿ ಕುಡಿಸಿದವನು, ತೂಕದ ಕುರಿಗಳಿಗೆಲ್ಲ ಮುಕ್ಕಾಲು ಪ್ರಮಾಣವನ್ನು ಕೊಟ್ಟಂತಾಯಿತು. ಆದಕಾರಣ ಗುಂಪಿನಲ್ಲಿ ಅತಿ ಭಾರವಾದುದನ್ನು ತೂಗಿ ಅದಕ್ಕೆ ತಕ್ಕಂತೆ ಅಳೆಯಬೇಕು. ತೂಕದ ಅಂತರ ಹೆಚ್ಚಿದ್ದರೆ ಮರಿಗಳನ್ನು ಬೇರೆ ಗುಂಪು ಮಾಡಬೇಕು. ಗಬ್ಬದ ಮೊದಲ ತಿಂಗಳಲ್ಲಿ ಈ ಔಷಧವನ್ನು ಕೊಡಲೇಬಾರದು. ಪಿಚಕಾರಿ ಸವೆದು ಕಡಿಮೆ ಸುರಿಸುತ್ತಿದೆಯೋ ಎಂಬುದನ್ನು ಅಳತೆಯ ಲೋಟಕ್ಕೆ ಹಾಯಿಸಿ ನೋಡಿಕೊಳ್ಳಬೇಕು. ಔಷಧವನ್ನು ನಾಲಗೆಯ ಬುಡದಾಚೆಗೆ ಬಿಡಬೇಕು. ಬಾಯ ಮುಂಭಾಗದಲ್ಲಿ ಸುರಿದರೆ ಅದು ಮೊದಲ ಹೊಟ್ಟೆಯಲ್ಲಿ ನಿಲ್ಲದೆ ನೇರವಾಗಿ ಮುಂದೆ ಹರಿದುಹೋಗಿ, ಹುಳುವಿಗೆ ತಾಕುವ ಅವಧಿ ಮೊಟಕಾಗುವ ಸಂಭವವುಂಟು.

ಪ್ರಮಾಣ ಸರಿಯಿದ್ದ ಮಾತ್ರಕ್ಕೆ ಕಾಲವೂ ಸರಿಯೆನ್ನುವಂತಿಲ್ಲ. ಬೇಸಗೆಯ ಬಿಸಿಲಿಗೆ ಬಯಲುಸೀಮೆಯ ಹುಲ್ಲುಗಾವಲಿನ ಲಾರ್ವಗಳು ಬಹುಪಾಲು ಸತ್ತಿರುವಾಗ, ಉಳಿದ ಹುಳುಗಳೆಲ್ಲ ಕುರಿಗಳ ಹೊಟ್ಟೆಯಲ್ಲೇ ಇರುತ್ತವೆ. ಆಗ ಇಡೀ ಹಿಂಡಿಗೆ ಔಷಧ ಕುಡಿಸಿದರೆ, ಬದುಕಿ ಉಳಿದ ನಿರೋಧಿ ಹುಳುಗಳ ಮೊಟ್ಟೆಗಳೇ ಮುಂಗಾರಿನ ಹೊಸ ಹುಲ್ಲಿಗೆ ಬಿತ್ತನೆಯಾಗುತ್ತವೆ. ಅವುಗಳೊಡನೆ ಬೆರೆತು ಬಲವನ್ನು ತಗ್ಗಿಸಲು ಔಷಧ ಸೋಕದ ಹುಳುಗಳು ಎಲ್ಲಿಯೂ ಇರುವುದಿಲ್ಲ. ಮಳೆಗೆ ಮುನ್ನ ತಪ್ಪದೆ ಎಲ್ಲಕ್ಕೂ ಕುಡಿಸಿರೆಂಬ ಉಪದೇಶದ ಅಪಾಯವಿರುವುದು ಇಲ್ಲಿಯೇ.

ಈ ತೊಡಕನ್ನು ಯಾರಿಗಿಂತಲೂ ಮಿಗಿಲಾಗಿ ಬಿಡಿಸಿದವರು ದಕ್ಷಿಣ ಆಫ್ರಿಕದ ವಿದ್ವಾಂಸರೆಂಬುದು ನನ್ನ ಅಭಿಪ್ರಾಯ. ಫ್ರಾಂಕೋಯಿಸ್ ಮಲಾನ್, ವಾನ್ ವೈಕ್ ಮೊದಲಾದವರು 1990ರ ದಶಕದಲ್ಲಿ ರೂಪಿಸಿದ ಫಮಾಚ ಪದ್ಧತಿಯಲ್ಲಿ ಔಷಧ ಸಲ್ಲುವುದು ಹಿಂಡಿಗಲ್ಲ, ಬೇಕಾದ ಕುರಿಗೆ. ಹಗಲ ಬೆಳಕಿನಲ್ಲಿ ಕುರಿಯ ಕೆಳರೆಪ್ಪೆಯನ್ನು ಮಗುಚಿ, ಒಳಪೊರೆಯ ಬಣ್ಣವನ್ನು ಐದು ದರ್ಜೆಗಳ ಬಣ್ಣದ ಪಟ್ಟಿಯೊಡನೆ ಹೋಲಿಸುತ್ತಾರೆ. ಕೆಂಪಗಿರುವ ಮೊದಲೆರಡು ದರ್ಜೆಗಳವಕ್ಕೆ ಔಷಧವಿಲ್ಲ. ಬಿಳಿಚಿದ ಕೊನೆಯೆರಡು ದರ್ಜೆಗಳವಕ್ಕೆ ತಪ್ಪದೆ ಕೊಡಬೇಕು. ನಡುವಿನದಕ್ಕೆ ಮರಿಯೋ, ಬಡಕಲೋ, ಹಾಲೂಡುವುದೋ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಹುಳುಗಳ ಹೊರೆ ಎಲ್ಲ ಕುರಿಗಳಿಗೂ ಸಮನಾಗಿ ಹಂಚಿರುವುದಿಲ್ಲವಾದುದರಿಂದ, ಕೆಲವನ್ನೇ ಉಪಚರಿಸಿದರೂ ಸಾವು ತಪ್ಪುತ್ತದೆ. ಔಷಧ ಕುಡಿಯದ ಕುರಿಗಳ ಹಿಕ್ಕೆಯಿಂದ ಸಾಧು ಹುಳುಗಳ ಸಂತತಿಯೂ ಹುಲ್ಲಿನಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡುವುದು ಶ್ರಮದ ಕೆಲಸವೇ ಸರಿ. ಅಲ್ಲದೆ ಯಕೃತ್ತಿನ ಚಪ್ಪಟೆಹುಳುವಿನಿಂದಲೂ ಕಣ್ಣು ಬಿಳಿಚುತ್ತದೆ. ರಕ್ತ ಹೀರದೆ ಭೇದಿ ಹಚ್ಚುವ ಹುಳುಗಳನ್ನು ಈ ಪಟ್ಟಿ ತೋರಿಸಿಕೊಡದು.

ಔಷಧ ನಾಟಿತೋ ಇಲ್ಲವೋ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. ಗಾರ್ಡನ್, ವಿಟ್ಲಾಕ್ ಎಂಬಿಬ್ಬರು 1939ರಲ್ಲಿ ಆಸ್ಟ್ರೇಲಿಯದಲ್ಲಿ ವಿವರಿಸಿದ ಮ್ಯಾಕ್‌ಮಾಸ್ಟರ್ ಗಾಜುಪಟ್ಟಿಯಲ್ಲಿ ಮೊಟ್ಟೆಗಳನ್ನೆಣಿಸುವ ಕ್ರಮ ಇಂದಿಗೂ ಸಾಕು. ಹತ್ತಾರು ಕುರಿಗಳ ಹಿಕ್ಕೆಯಲ್ಲಿ ಔಷಧಕ್ಕೆ ಮುನ್ನ ಗ್ರಾಮಿಗೆ ಸರಾಸರಿ 1200 ಮೊಟ್ಟೆಗಳಿದ್ದು, ಹದಿನಾಲ್ಕನೆಯ ದಿನ 180 ಉಳಿದಿದ್ದರೆ, ಇಳಿಕೆ ಶೇಕಡಾ 85. ಅದು 95ಕ್ಕಿಂತ ಕೆಳಗಿದ್ದರೆ ನಿರೋಧವನ್ನು ಶಂಕಿಸಬೇಕು. ಸೋತದ್ದು ಆಲ್ಬೆಂಡಜೋಲಾದರೆ ಅದೇ ವರ್ಗದ ಫೆನ್‌ಬೆಂಡಜೋಲಿಗೆ ಹಾರುವುದರಿಂದ ಪ್ರಯೋಜನವಿಲ್ಲ. ಹೆಸರು ಬೇರೆಯಾದರೂ ಅದು ಹೊಡೆಯುವ ಗುರಿ ಒಂದೇ. ಬೇರೆ ವರ್ಗದ ಲೆವಾಮಿಸೋಲನ್ನೋ ಕ್ಲೋಸಾಂಟೆಲನ್ನೋ ಆರಿಸಬೇಕು. ಇವೆರಡರಲ್ಲಿಯೂ ಹೆಚ್ಚುಪ್ರಮಾಣ ವಿಷವಾದೀತಾದ್ದರಿಂದ ತಕ್ಕಡಿ ಇಲ್ಲಿ ಇನ್ನೂ ಅಗತ್ಯ.

ನಮ್ಮ ಚರ್ಚೆಯಲ್ಲಿ ಮೇಕೆ ಏಕೋ ಮರೆಯಾಗಿಯೇ ಉಳಿದಿದೆ. ಕರ್ನಾಟಕದ ಕುರಿಗಾರರ ಎಷ್ಟೋ ಹಿಂಡುಗಳಲ್ಲಿ ಮೇಕೆಗಳೂ ಕೂಡಿಯೇ ಮೇಯುತ್ತವೆ. ಮೇಕೆಯ ದೇಹ ಈ ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುವುದರಿಂದ, ಕುರಿಯ ಅಳತೆಯೇ ಅದಕ್ಕೆ ಅರೆಪ್ರಮಾಣವಾಗುತ್ತದೆ. ಅಲ್ಲಿ ಬದುಕಿದ ಹುಳು ಅದೇ ಹುಲ್ಲಿನ ಮೂಲಕ ಕುರಿಯ ಹೊಟ್ಟೆ ಸೇರುತ್ತದೆ. ಕುರಿಗೆಂದು ಬರೆದ ಪಂಚಾಂಗಗಳು ಮೇಕೆಗೆ ಬೇರೆ ಅಳತೆಯನ್ನು ಸೂಚಿಸದಿರುವಾಗ, ಕುರಿಯನ್ನೆಷ್ಟೇ ನಿಖರವಾಗಿ ತೂಗಿ ಕುಡಿಸಿದರೂ ಆ ಹಿಂಡಿನಲ್ಲಿ ನಿರೋಧ ಮೇಕೆಯ ಕಡೆಯಿಂದ ಬೆಳೆಯುತ್ತಲೇ ಇರುತ್ತದೆ.